ಹದಿಮೂರನೇ ಟನ್‌ಗೆ 12 ಯಾಕೆ? ಕನಿಷ್ಠ ವೆಚ್ಚದ ಹರಿವಿನ ಲೆಕ್ಕ

ಒಂದು ಗೋದಾಮು, ಒಂದು ಡಿಪೋ, ನಡುವೆ ಎರಡು ಕ್ರಾಸ್. ಒಟ್ಟು ಐದೇ ರಸ್ತೆ. ಇಷ್ಟು ಚಿಕ್ಕ ನಕ್ಷೆಯಲ್ಲಿ ಸರಕು ಸಾಗಿಸೋಕೆ ಲೆಕ್ಕ ಯಾಕೆ ಬೇಕು, ಕಣ್ಣಲ್ಲೇ ನೋಡಿ ಹೇಳಬಹುದಲ್ವಾ ಅಂತ ಅನಿಸುತ್ತದೆ. ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಈ ಪುಟ್ಟ ನಕ್ಷೆಯಲ್ಲೇ ಕಣ್ಣು ಮೋಸ ಹೋಗುತ್ತದೆ. ಎಲ್ಲಿ, ಹೇಗೆ ಅನ್ನೋದು ಗೊತ್ತಾದರೆ ಈ ಮಾದರಿಯ ಮುಕ್ಕಾಲು ಭಾಗ ಅರ್ಥವಾದ ಹಾಗೆ.

ಮೊದಲು ನಕ್ಷೆ. ಪ್ರತಿ ರಸ್ತೆಗೂ ಎರಡು ಅಂಕಿ ಇದೆ: ಒಂದು ಟನ್ ಸಾಗಿಸಲು ಎಷ್ಟು ಖರ್ಚು, ದಿನಕ್ಕೆ ಎಷ್ಟು ಟನ್ ಮಿತಿ. ಗೋದಾಮಿನಿಂದ ಮೇಲಿನ ಕ್ರಾಸ್‌ಗೆ ಖರ್ಚು 2, ಮಿತಿ 10. ಗೋದಾಮಿನಿಂದ ಕೆಳಗಿನ ಕ್ರಾಸ್‌ಗೆ ಖರ್ಚು 6, ಮಿತಿ 10. ಮೇಲಿನ ಕ್ರಾಸ್‌ನಿಂದ ಕೆಳಗಿನ ಕ್ರಾಸ್‌ಗೆ ಒಂದು ಅಡ್ಡರಸ್ತೆ ಇದೆ, ಖರ್ಚು 1, ಮಿತಿ 6. ಅದು ಒನ್‌ವೇ, ಮೇಲಿನಿಂದ ಕೆಳಕ್ಕೆ ಮಾತ್ರ. ಮೇಲಿನ ಕ್ರಾಸ್‌ನಿಂದ ಡಿಪೋಗೆ ಖರ್ಚು 7, ಮಿತಿ 10. ಕೆಳಗಿನ ಕ್ರಾಸ್‌ನಿಂದ ಡಿಪೋಗೆ ಖರ್ಚು 2, ಮಿತಿ 8. ಡಿಪೋಗೆ ದಿನಕ್ಕೆ 15 ಟನ್ ಬೇಕು.

ನಿಯಮ ಎರಡೇ. ಯಾವ ರಸ್ತೆಯಲ್ಲೂ ಮಿತಿ ಮೀರಬಾರದು. ಮತ್ತೆ, ಕ್ರಾಸ್‌ಗೆ ಎಷ್ಟು ಬಂತೋ ಅಷ್ಟೂ ಹೊರಗೆ ಹೋಗಬೇಕು, ಅಲ್ಲಿ ಏನೂ ಉಳಿಯೋ ಹಾಗಿಲ್ಲ. ಈ ಎರಡನ್ನೂ ಪಾಲಿಸುವ ಯೋಜನೆಗಳಲ್ಲಿ ಒಟ್ಟು ಖರ್ಚು ಯಾವುದರಲ್ಲಿ ಅತಿ ಕಡಿಮೆಯೋ ಅದನ್ನು ಹುಡುಕುವುದೇ ಕನಿಷ್ಠ ವೆಚ್ಚದ ಹರಿವಿನ ಸಮಸ್ಯೆ.

ಈಗ ಯಾರಾದರೂ ಮಾಡುವ ಹಾಗೆ ಮಾಡೋಣ: ಅಗ್ಗದ ದಾರಿ ಮೊದಲು. ಗೋದಾಮಿನಿಂದ ಡಿಪೋಗೆ ಮೂರು ದಾರಿ ಇವೆ. ಮೇಲಿನ ಕ್ರಾಸ್‌ಗೆ ಹೋಗಿ, ಅಡ್ಡರಸ್ತೆಯಲ್ಲಿ ಇಳಿದು, ಕೆಳಗಿನ ಕ್ರಾಸ್‌ನಿಂದ ಡಿಪೋ ಸೇರಿದರೆ ಟನ್‌ಗೆ 2+1+2, ಅಂದರೆ 5. ನೇರ ಕೆಳಗಿನ ಕ್ರಾಸ್ ಮೂಲಕ ಹೋದರೆ 6+2, ಅಂದರೆ 8. ನೇರ ಮೇಲಿನ ಕ್ರಾಸ್ ಮೂಲಕ 2+7, ಅಂದರೆ 9.

5ರ ದಾರಿಯಲ್ಲಿ ಅಡ್ಡರಸ್ತೆಯ ಮಿತಿ 6, ಹಾಗಾಗಿ 6 ಟನ್ ಕಳಿಸಿದೆವು. ಖರ್ಚು 30. ಕೆಳಗಿನ ಕ್ರಾಸ್‌ನಿಂದ ಡಿಪೋಗೆ ಹೋಗೋ ರಸ್ತೆಯಲ್ಲಿ ಇನ್ನು 2 ಟನ್‌ಗೆ ಮಾತ್ರ ಜಾಗ, ಅದನ್ನು 8ರ ದಾರಿಯಲ್ಲಿ ತುಂಬಿದೆವು, ಖರ್ಚು 16. ಮೇಲಿನ ಕ್ರಾಸ್‌ಗೆ ಹೋಗೋ ರಸ್ತೆಯಲ್ಲಿ 4 ಟನ್ ಜಾಗ ಉಳಿದಿದೆ, ಅದು 9ರ ದಾರಿಗೆ, ಖರ್ಚು 36. ಒಟ್ಟು 12 ಟನ್, ಖರ್ಚು 82.

ಮುಂದೆ? ಸಿಕ್ಕಿಹಾಕಿಕೊಂಡೆವು. ಗೋದಾಮಿನಿಂದ ಮೇಲಿನ ಕ್ರಾಸ್‌ಗೆ ಹೋಗುವ ರಸ್ತೆ ಭರ್ತಿ. ಕೆಳಗಿನ ಕ್ರಾಸ್‌ಗೆ ಆರಾಮಾಗಿ ಹೋಗಬಹುದು, ಆದರೆ ಅಲ್ಲಿಂದ ಡಿಪೋಗೆ ಹೋಗುವ ರಸ್ತೆ ಭರ್ತಿ. ಮೇಲಿನ ಕ್ರಾಸ್‌ನಿಂದ ಡಿಪೋಗೆ 6 ಟನ್ ಜಾಗ ಖಾಲಿ ಬಿದ್ದಿದೆ, ಆದರೆ ಆ ಕ್ರಾಸ್‌ಗೆ ತಲುಪೋಕೆ ಆಗುತ್ತಿಲ್ಲ. ಅಡ್ಡರಸ್ತೆ ಮೇಲಿನಿಂದ ಕೆಳಕ್ಕೆ ಮಾತ್ರ ಇರೋದರಿಂದ ಕೆಳಗಿನಿಂದ ಮೇಲಕ್ಕೆ ಹತ್ತೋ ಹಾಗಿಲ್ಲ. ನೋಡಿದವರು "12 ಟನ್‌ಗಿಂತ ಜಾಸ್ತಿ ಆಗಲ್ಲ, ಹೊಸ ರಸ್ತೆ ಬೇಕು" ಅಂತ ವರದಿ ಬರೆದುಬಿಡುತ್ತಾರೆ. ಅದು ತಪ್ಪು. ಇದೇ ರಸ್ತೆಗಳಲ್ಲಿ 18 ಟನ್ ಹೋಗುತ್ತದೆ.

ಇಡೀ ವಿಷಯದ ಗುಟ್ಟು ಇರೋದು ಇಲ್ಲೇ. ಮೊದಲು ಕಳಿಸಿದ 6 ಟನ್ ಅಡ್ಡರಸ್ತೆಯಲ್ಲಿ ಇಳಿದು ಕೆಳಗಿನ ಕ್ರಾಸ್‌ನ ಜಾಗ ಹಿಡಿದುಕೊಂಡಿದೆ. ಆಗ ಅದೇ ಅಗ್ಗವಾಗಿತ್ತು, ತಪ್ಪಿಲ್ಲ. ಆದರೆ ಆ ನಿರ್ಧಾರವನ್ನು ಸ್ವಲ್ಪ ವಾಪಸ್ ತೆಗೆದುಕೊಳ್ಳಬಹುದು. ಹೊಸದಾಗಿ ಒಂದು ಟನ್ ಗೋದಾಮಿನಿಂದ ಕೆಳಗಿನ ಕ್ರಾಸ್‌ಗೆ ಬರಲಿ, ಖರ್ಚು 6. ಅಲ್ಲಿ ಅಡ್ಡರಸ್ತೆಯಿಂದ ಬರುತ್ತಿದ್ದ ಒಂದು ಟನ್ ಇನ್ನು ಮೇಲೆ ಬರೋದು ಬೇಡ, ಅದರ ಜಾಗದಲ್ಲಿ ಇದು ಡಿಪೋಗೆ ಹೋಗಲಿ. ಬರೋದು ನಿಂತ ಆ ಟನ್‌ನಿಂದ ಅಡ್ಡರಸ್ತೆಯ ಖರ್ಚು 1 ಉಳಿಯಿತು. ಅದು ಮೇಲಿನ ಕ್ರಾಸ್‌ನಿಂದ ನೇರ ಡಿಪೋಗೆ ಹೋಗಲಿ, ಖರ್ಚು 7. ಒಟ್ಟು 6 − 1 + 7 = 12.

ಲೆಕ್ಕದಲ್ಲಿ ಇದನ್ನು ಅಡ್ಡರಸ್ತೆಯ ಮೇಲೆ "ಹಿಮ್ಮುಖ ರಸ್ತೆ" ಅಂತ ಬರೆಯುತ್ತಾರೆ, ಖರ್ಚು −1, ಮಿತಿ ಈಗ ಅಲ್ಲಿ ಹರಿಯುತ್ತಿರುವ 6 ಟನ್. ಹೀಗೆ ಉಳಿದ ಜಾಗ ಮತ್ತು ವಾಪಸ್ ತೆಗೆದುಕೊಳ್ಳಬಹುದಾದ ಹರಿವು ಎರಡನ್ನೂ ತೋರಿಸುವ ನಕ್ಷೆಗೆ ಉಳಿಕೆ ನಕ್ಷೆ ಅನ್ನೋಣ. ಇಲ್ಲಿ ಸುಮಾರು ಜನ ಎಡವುತ್ತಾರೆ: "ಒನ್‌ವೇಯಲ್ಲಿ ಲಾರಿ ಉಲ್ಟಾ ಹೋಗುತ್ತಾ?" ಇಲ್ಲ. ಯಾವ ಲಾರಿಯೂ ಉಲ್ಟಾ ಹೋಗಲ್ಲ. ಇನ್ನೂ ಹೊರಡದ ಲಾರಿಯ ಚೀಟಿಯಲ್ಲಿ ದಾರಿ ತಿದ್ದಿದ್ದೇವೆ, ಅಷ್ಟೇ. ಯೋಜನೆ ಕಾಗದದ ಮೇಲಿರುವಾಗ ತಿದ್ದೋಕೆ ಏನು ಕಷ್ಟ?

ಬೇಕಾದ ಇನ್ನು 3 ಟನ್‌ಗೆ ಹೀಗೆ ಮಾಡಿದರೆ ಖರ್ಚು 36. 82ಕ್ಕೆ ಸೇರಿಸಿದರೆ 118. ಕೊನೆಯ ಚಿತ್ರ ಹೀಗಿದೆ: ಮೇಲಿನ ಕ್ರಾಸ್‌ಗೆ 10 ಟನ್, ಅದರಲ್ಲಿ 3 ಅಡ್ಡರಸ್ತೆಗೆ, 7 ನೇರ ಡಿಪೋಗೆ. ಕೆಳಗಿನ ಕ್ರಾಸ್‌ಗೆ ನೇರವಾಗಿ 5, ಅಡ್ಡರಸ್ತೆಯ 3 ಸೇರಿ 8, ಎಲ್ಲವೂ ಡಿಪೋಗೆ.

ಈಗ ಒಂದು ವಿಚಿತ್ರ ಗಮನಿಸಿ. ನಕ್ಷೆಯಲ್ಲಿರುವ ದಾರಿಗಳ ಖರ್ಚು 5, 8, 9. ಹದಿಮೂರನೇ ಟನ್ ತಂದ ಖರ್ಚು 12. ನಕ್ಷೆಯಲ್ಲಿ 12 ಖರ್ಚಿನ ದಾರಿಯೇ ಇಲ್ಲ! ಆ ಟನ್ ಓಡಾಡಿದ ದಾರಿಯ ಖರ್ಚು ಬೇರೆ, ಅದು ಬಂದಿದ್ದಕ್ಕೆ ಇಡೀ ವ್ಯವಸ್ಥೆಯಲ್ಲಿ ಜಾಸ್ತಿಯಾದ ಖರ್ಚು ಬೇರೆ. ಅದು ಉಳಿದವರನ್ನು ಜರುಗಿಸಿ ಜಾಗ ಮಾಡಿಕೊಂಡಿತಲ್ಲ, ಜರುಗಿದವರ ಖರ್ಚೂ ಇದರ ಲೆಕ್ಕಕ್ಕೇ ಬರುತ್ತದೆ. ಸರಾಸರಿ ತೆಗೆದರೆ 118 ಭಾಗಿಸು 15, ಟನ್‌ಗೆ ಸುಮಾರು 7.87. ಹೊಸ ಗಿರಾಕಿಗೆ "ಒಂದು ಟನ್ ಜಾಸ್ತಿ ಕೊಡ್ತೀವಿ, ಟನ್‌ಗೆ 9 ಕೊಡಿ, ನಮಗೂ ಲಾಭ" ಅಂತ ಒಪ್ಪಿಕೊಂಡರೆ ಟನ್‌ಗೆ 3 ನಷ್ಟ. ಸರಾಸರಿ ನೋಡಿ ದರ ಹೇಳುವವರು ಬೀಳೋ ಗುಂಡಿ ಇದೇ.

ಸರಿ, 118ಕ್ಕಿಂತ ಕಡಿಮೆ ಆಗಲ್ಲ ಅಂತ ಹೇಗೆ ಗೊತ್ತು? ಎಲ್ಲ ಯೋಜನೆಗಳನ್ನೂ ಒಂದೊಂದಾಗಿ ನೋಡಲಿಲ್ಲವಲ್ಲ. ಇದಕ್ಕೆ ಒಂದು ಚಂದದ ಉಪಾಯವಿದೆ, ನನಗಂತೂ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ನಮ್ಮ ಯೋಜನೆಯಲ್ಲಿ ಭರ್ತಿಯಾದ ರಸ್ತೆ ಎರಡು: ಗೋದಾಮಿನಿಂದ ಮೇಲಿನ ಕ್ರಾಸ್‌ಗೆ, ಮತ್ತು ಕೆಳಗಿನ ಕ್ರಾಸ್‌ನಿಂದ ಡಿಪೋಗೆ. ಈ ಎರಡು ಕಡೆ ಸುಮ್ನೆ ಒಂದು ಟೋಲ್ ಇಟ್ಟೆವು ಅಂದುಕೊಳ್ಳಿ. ಮೊದಲನೆಯದಕ್ಕೆ ಟನ್‌ಗೆ 3, ಎರಡನೆಯದಕ್ಕೆ 4. ಟೋಲ್ ಸೇರಿಸಿ ಮೂರೂ ದಾರಿಗಳ ಖರ್ಚು ಮತ್ತೆ ಕೂಡಿ. 9ರ ದಾರಿ ಮೊದಲನೇ ಟೋಲ್ ದಾಟುತ್ತದೆ, 12. 8ರ ದಾರಿ ಎರಡನೆಯದನ್ನು ದಾಟುತ್ತದೆ, 12. 5ರ ದಾರಿ ಎರಡನ್ನೂ ದಾಟುತ್ತದೆ, ಅದೂ 12.

ಈಗ ಯಾರು ಯಾವ ದಾರಿಯಲ್ಲಿ ಹೋದರೂ ಟನ್‌ಗೆ 12. 15 ಟನ್‌ಗೆ 180. ಇದರಿಂದ ತಪ್ಪಿಸಿಕೊಳ್ಳೋ ದಾರಿಯೇ ಇಲ್ಲ. ಈ 180ರಲ್ಲಿ ಟೋಲ್ ಪಾಲು ಕಳೆದರೆ ನಿಜವಾದ ಖರ್ಚು ಸಿಗುತ್ತದೆ. ಟೋಲ್ ಅತಿ ಹೆಚ್ಚು ಎಷ್ಟು ಸಂಗ್ರಹವಾಗಬಹುದು? ಮೊದಲನೇ ರಸ್ತೆಯ ಮಿತಿ 10, ಹಾಗಾಗಿ 30. ಎರಡನೆಯದರ ಮಿತಿ 8, ಹಾಗಾಗಿ 32. ಒಟ್ಟು 62. ಅಂದಮೇಲೆ ನಿಜವಾದ ಖರ್ಚು 180 − 62, ಅಂದರೆ 118ಕ್ಕಿಂತ ಕೆಳಗೆ ಇಳಿಯೋಕೆ ಸಾಧ್ಯವೇ ಇಲ್ಲ. ನಮ್ಮ ಯೋಜನೆ ಸರಿಯಾಗಿ 118. ಮುಗೀತು, ಇನ್ನು ವಾದ ಇಲ್ಲ.

ಈ ಟೋಲ್ ಅಂಕಿಗಳನ್ನು ಊಹಿಸಿದ್ದಲ್ಲ. ಮುಂದಿನ ಟನ್‌ನ ಖರ್ಚು 12 ಅಂತ ಆಗಲೇ ಗೊತ್ತಿತ್ತು. ಎಲ್ಲ ದಾರಿಗಳನ್ನೂ ಅದಕ್ಕೆ ಸಮ ಮಾಡಲು ಭರ್ತಿಯಾದ ರಸ್ತೆಗಳ ಮೇಲೆ ಎಷ್ಟು ಹಾಕಬೇಕೋ ಅಷ್ಟು ಹಾಕಿದೆವು. ಜಾಗ ಉಳಿದಿರುವ ರಸ್ತೆಗೆ ಟೋಲ್ ಇರೋದಿಲ್ಲ, ನೆನಪಿಡಿ.

ಈ ಟೋಲ್‌ಗೆ ಇನ್ನೊಂದು ಕೆಲಸವೂ ಇದೆ. ದುಡ್ಡು ಸ್ವಲ್ಪವೇ ಇದೆ, ಯಾವುದಾದರೂ ಒಂದು ರಸ್ತೆ ಅಗಲ ಮಾಡಬಹುದು, ಯಾವುದನ್ನು? ಟೋಲ್ 4 ಇರುವ ಕೆಳಗಿನ ಕ್ರಾಸ್–ಡಿಪೋ ರಸ್ತೆಯ ಮಿತಿ 8ರಿಂದ 9 ಮಾಡಿ ಮತ್ತೆ ಲೆಕ್ಕ ಹಾಕಿದರೆ ಒಟ್ಟು ಖರ್ಚು 114, ಸರಿಯಾಗಿ 4 ಕಡಿಮೆ. ಇನ್ನೊಂದನ್ನು 10ರಿಂದ 11 ಮಾಡಿದರೆ 115, ಸರಿಯಾಗಿ 3 ಕಡಿಮೆ. ಅಡ್ಡರಸ್ತೆಯನ್ನು ಎಷ್ಟೇ ಅಗಲ ಮಾಡಿದರೂ ಒಂದು ಕಾಸೂ ಉಳಿಯಲ್ಲ, ಅಲ್ಲಿ ಆಗಲೇ ಜಾಗ ಖಾಲಿ ಇದೆ. ಆದರೆ ಎಚ್ಚರ, ಈ ಉಳಿತಾಯ ಹೀಗೇ ಮುಂದುವರಿಯಲ್ಲ. ಡಿಪೋ ರಸ್ತೆಯಲ್ಲಿ ಮೊದಲ 3 ಟನ್ ಜಾಸ್ತಿ ಮಾಡಿದಾಗ ಪ್ರತಿ ಟನ್‌ಗೂ 4 ಉಳಿಯುತ್ತದೆ. ಅಷ್ಟರಲ್ಲಿ ಅಡ್ಡರಸ್ತೆ ಭರ್ತಿಯಾಗುತ್ತದೆ, ಅಲ್ಲಿಂದಾಚೆ ಮುಂದಿನ 4 ಟನ್‌ವರೆಗೆ ಟನ್‌ಗೆ 1 ಮಾತ್ರ, ಆಮೇಲೆ ಅದೂ ಇಲ್ಲ. "ಟನ್‌ಗೆ 4 ಉಳಿಯುತ್ತೆ, 10 ಟನ್ ಅಗಲ ಮಾಡಿದರೆ 40 ಉಳಿಯುತ್ತೆ" ಅಂತ ಗುಣಿಸಿ ಹೇಳಿದರೆ ಮುಖಭಂಗವೇ.

ಇನ್ನು ಬೇರೆಯವರ ಯೋಜನೆ ಕೈಗೆ ಬಂದಾಗ ಏನು ಮಾಡೋದು ನೋಡೋಣ. ಯಾರೋ ಒಂದು ಶಿಸ್ತಾದ ಯೋಜನೆ ತಂದರು: ಮೇಲಿನ ಕ್ರಾಸ್ ಮೂಲಕ 7 ಟನ್, ಕೆಳಗಿನ ಕ್ರಾಸ್ ಮೂಲಕ 8 ಟನ್, ಅಡ್ಡರಸ್ತೆ ಮುಟ್ಟೋದೇ ಬೇಡ. ನೋಡೋಕೆ ಚೆನ್ನಾಗಿದೆ, ಗಲಿಬಿಲಿ ಇಲ್ಲ. ಖರ್ಚು 63 + 64 = 127. ಇದರ ಉಳಿಕೆ ನಕ್ಷೆಯಲ್ಲಿ ಒಂದು ಸುತ್ತು ಹಾಕಿ. ಗೋದಾಮಿನಿಂದ ಮೇಲಿನ ಕ್ರಾಸ್‌ಗೆ ಜಾಗ ಇದೆ, +2. ಅಡ್ಡರಸ್ತೆಯಲ್ಲಿ ಕೆಳಕ್ಕೆ ಜಾಗ ಇದೆ, +1. ಕೆಳಗಿನ ಕ್ರಾಸ್‌ನಿಂದ ಗೋದಾಮಿಗೆ ಹಿಮ್ಮುಖವಾಗಿ, ಅಂದರೆ ಆ ರಸ್ತೆಯ ಹರಿವು ಒಂದು ಟನ್ ಕಡಿಮೆ ಮಾಡಿದರೆ, −6. ಹೊರಟಲ್ಲಿಗೇ ಬಂದೆವು, ಒಟ್ಟು −3. ಡಿಪೋಗೆ ಹೋಗೋದು ಒಂದು ಗ್ರಾಂ ಕೂಡ ಬದಲಾಗಲಿಲ್ಲ, ಟನ್‌ಗೆ 3 ಉಳಿಯಿತು. ಈ ಸುತ್ತಿನಲ್ಲಿ 3 ಟನ್ ತಿರುಗಿಸಬಹುದು, ಮೇಲಿನ ಕ್ರಾಸ್‌ಗೆ ಅಷ್ಟೇ ಜಾಗ ಇರೋದು. 9 ಉಳಿದು 118ಕ್ಕೆ ಬಂದೆವು.

ಒಂದು ಯೋಜನೆ ಅತ್ಯುತ್ತಮವೋ ಅಲ್ಲವೋ ಅನ್ನೋ ಪರೀಕ್ಷೆ ಇಷ್ಟೇ: ಉಳಿಕೆ ನಕ್ಷೆಯಲ್ಲಿ ಮೊತ್ತ ಸೊನ್ನೆಗಿಂತ ಕಡಿಮೆ ಇರುವ ಸುತ್ತು ಇದ್ದರೆ ಇನ್ನೂ ಉಳಿಸಬಹುದು, ಇಲ್ಲದಿದ್ದರೆ ಅದೇ ಕೊನೆ. ರಷ್ಯಾದ ಎ. ಎನ್. ಟಾಲ್‌ಸ್ಟಾಯ್ 1930ರಲ್ಲೇ ಸೋವಿಯತ್ ರೈಲು ಜಾಲದಲ್ಲಿ ಸರಕು ಸಾಗಣೆಯ ಲೆಕ್ಕ ಮಾಡುತ್ತಾ ಇಂಥ ಸುತ್ತುಗಳ ವಿಚಾರ ಹಿಡಿದಿದ್ದರು (ಇವರು ಕಾದಂಬರಿಕಾರ ಅಲ್ಲ, ಬೇರೆಯವರು). ಅವರು ಕೈಯಲ್ಲಿ ಬಿಡಿಸಿದ ಲೆಕ್ಕದಲ್ಲಿ ಸರಕು ಹೊರಡುವ ಜಾಗ 10, ತಲುಪುವ ಜಾಗ 68. ಕಂಪ್ಯೂಟರ್ ಇಲ್ಲದ ಕಾಲ, ಯೋಚಿಸಿ! ಸುತ್ತು ಹುಡುಕಿ ಹುಡುಕಿ ರದ್ದು ಮಾಡುವ ಪದ್ಧತಿಯನ್ನು 1967ರಲ್ಲಿ ಮಾರ್ಟನ್ ಕ್ಲೈನ್ ಕ್ರಮವಾಗಿ ಬರೆದಿಟ್ಟರು.

19 ಟನ್ ಬೇಕು ಅಂದರೆ? ಆಗಲ್ಲ. ಗೋದಾಮಿನಿಂದ ಹೊರಡುವ ರಸ್ತೆಗಳು ಒಟ್ಟು 20 ಟನ್ ಹೊರುತ್ತವೆ, ಆದರೆ ಡಿಪೋಗೆ ಸೇರುವ ಎರಡು ರಸ್ತೆಗಳ ಮಿತಿ 10 + 8, ಅಂದರೆ 18. ಉತ್ತರ ಇಲ್ಲ ಅಂತ ಕಂಪ್ಯೂಟರ್ ಹೇಳಿದಾಗ ಅಲ್ಲಿಗೇ ಬಿಡಬೇಡಿ. ಗೋದಾಮನ್ನು ಡಿಪೋದಿಂದ ಬೇರೆ ಮಾಡುವ ಯಾವುದೋ ಒಂದು ಸಾಲು ರಸ್ತೆಗಳ ಮಿತಿ ಸಾಲದೇ ಹೋಗಿರುತ್ತದೆ, ಅದು ಯಾವುದು ಅಂತ ಹುಡುಕಿ. ಗೋದಾಮಿನ ಕಡೆ ಎಷ್ಟು ಅಗಲ ಮಾಡಿದರೂ ಇಲ್ಲಿ ಪ್ರಯೋಜನವಿಲ್ಲ.

ಇದನ್ನೇ ಪೈಥಾನ್‌ನಲ್ಲಿ `networkx` ಬಳಸಿ ಮಾಡಿದರೆ ಹೀಗಿರುತ್ತದೆ:

```python
import networkx as nx

G = nx.DiGraph()
G.add_node("ಗೋದಾಮು", demand=-15)
G.add_node("ಡಿಪೋ", demand=15)
G.add_edge("ಗೋದಾಮು", "ಮೇಲಿನ", capacity=10, weight=2)
G.add_edge("ಗೋದಾಮು", "ಕೆಳಗಿನ", capacity=10, weight=6)
G.add_edge("ಮೇಲಿನ", "ಕೆಳಗಿನ", capacity=6, weight=1)
G.add_edge("ಮೇಲಿನ", "ಡಿಪೋ", capacity=10, weight=7)
G.add_edge("ಕೆಳಗಿನ", "ಡಿಪೋ", capacity=8, weight=2)

cost, flow = nx.network_simplex(G)
print(cost)   # 118
```

ಕಳಿಸುವ ಜಾಗಕ್ಕೆ `demand` ಮೈನಸ್, ಪಡೆಯುವ ಜಾಗಕ್ಕೆ ಪ್ಲಸ್. ಎಲ್ಲ ಕೂಡಿದರೆ ಸೊನ್ನೆ ಬರಬೇಕು. ಗೋದಾಮಿನಲ್ಲಿ ಸರಕು ಜಾಸ್ತಿ ಇದ್ದರೆ ಖರ್ಚಿಲ್ಲದ ಒಂದು ಸುಳ್ಳು ಡಿಪೋ ಸೇರಿಸಿ ಉಳಿದದ್ದನ್ನು ಅಲ್ಲಿಗೆ ಬಿಡಿ. `capacity` ಬರೆಯೋದು ಮರೆತರೆ ಅದು ತಪ್ಪು ಅಂತ ಹೇಳಲ್ಲ, ಮಿತಿಯೇ ಇಲ್ಲ ಅಂದುಕೊಳ್ಳುತ್ತದೆ. ಇದು ಸದ್ದಿಲ್ಲದ ತಪ್ಪು, ಅದಕ್ಕೇ ಅಪಾಯ. ನಾನೊಮ್ಮೆ ಅಡ್ಡರಸ್ತೆಯಂಥ ಒಂದು ರಸ್ತೆಗೆ ಮಿತಿ ಹಾಕೋದು ಮರೆತಿದ್ದೆ, ದಿನಗಟ್ಟಲೆ ಗೊತ್ತೇ ಆಗಲಿಲ್ಲ. ಯಾಕೆ ಅಂತ ಇದೇ ನಕ್ಷೆಯಲ್ಲಿ ನೋಡಿ: ಅಡ್ಡರಸ್ತೆಯ ಮಿತಿ ತೆಗೆದರೂ 15 ಟನ್‌ಗೆ 118ಏ ಬರುತ್ತದೆ, ಯಾಕಂದ್ರೆ ಆ ಯೋಜನೆಯಲ್ಲಿ ಅದು ಭರ್ತಿಯೇ ಆಗಿಲ್ಲ. ಬೇಡಿಕೆಯನ್ನು 8 ಟನ್‌ಗೆ ಇಳಿಸಿ ನೋಡಿದರೆ ಬಣ್ಣ ಬಯಲಾಗುತ್ತದೆ. ಸರಿಯಾದ ಉತ್ತರ 46, ಮಿತಿ ಮರೆತ ನಕ್ಷೆಯಲ್ಲಿ 40. ಹಾಗಾಗಿ ಒಂದೇ ಬೇಡಿಕೆಗೆ ಉತ್ತರ ತಾಳೆಯಾಯಿತು ಅಂತ ನಂಬಬೇಡಿ, ಬೇಡಿಕೆಯನ್ನು 1ರಿಂದ 18ರವರೆಗೆ ಏರಿಸುತ್ತಾ ಪ್ರತಿ ಟನ್‌ಗೆ ಎಷ್ಟು ಜಾಸ್ತಿಯಾಯಿತು ನೋಡಿ. ಇಲ್ಲಿ ಮೊದಲ 6 ಟನ್‌ಗೆ 5, ಮುಂದಿನ 2ಕ್ಕೆ 8, ಆಮೇಲೆ 4ಕ್ಕೆ 9, ಕೊನೆಯ 6ಕ್ಕೆ 12 ಬರಬೇಕು. ಈ ಸಾಲು ಏರುತ್ತಲೇ ಹೋಗಬೇಕು. ನಡುವೆ ಇಳಿದರೆ ಎಲ್ಲೋ ಏನೋ ತಪ್ಪಿದೆ.

ಇನ್ನೊಂದು, ದಶಾಂಶದ ಖರ್ಚು ಕೊಡಬೇಡಿ. 2.35 ಇದ್ದರೆ ಎಲ್ಲವನ್ನೂ 100ರಿಂದ ಗುಣಿಸಿ 235 ಮಾಡಿ. ಈ ಲೆಕ್ಕ ಪೂರ್ಣಾಂಕಗಳಲ್ಲಿ ಮಾತ್ರ ಗ್ಯಾರಂಟಿ, ದಶಾಂಶದ ಸಣ್ಣ ಸಣ್ಣ ದೋಷಗಳಿಂದ ದಾರಿ ತಪ್ಪಬಹುದು. ಮಿತಿ ಮತ್ತು ಬೇಡಿಕೆ ಪೂರ್ಣಾಂಕ ಆಗಿದ್ದರೆ ಒಂದು ಅನುಕೂಲವೂ ಇದೆ, ಉತ್ತರವೂ ಪೂರ್ಣಾಂಕದಲ್ಲೇ ಸಿಗುತ್ತದೆ. "ಈ ರಸ್ತೆಯಲ್ಲಿ ಎರಡೂವರೆ ಲಾರಿ" ಅನ್ನೋ ಉತ್ತರ ಬರಲ್ಲ. ಆದರೆ ಎರಡು ಬೇರೆ ಬೇರೆ ಸರಕು ಅದೇ ರಸ್ತೆಗಳ ಮಿತಿ ಹಂಚಿಕೊಳ್ಳಬೇಕು ಅಂದ ಕೂಡಲೇ ಈ ಅನುಕೂಲ ಹೋಗುತ್ತದೆ, ಅದು ಬೇರೆಯೇ ಮಾದರಿ.

ಕ್ರಾಸ್‌ಗೇ ಮಿತಿ ಇದ್ದರೆ, ಉದಾಹರಣೆಗೆ ಅಲ್ಲಿ ಸರಕು ಇಳಿಸಿ ಏರಿಸೋದು ದಿನಕ್ಕೆ 7 ಟನ್ ಮಾತ್ರ ಅಂದರೆ, ಆ ಕ್ರಾಸನ್ನು ಒಳಬಾಗಿಲು, ಹೊರಬಾಗಿಲು ಅಂತ ಎರಡು ಮಾಡಿ ನಡುವೆ 7ರ ಮಿತಿಯ ರಸ್ತೆ ಹಾಕಿ. ಅಷ್ಟೇ.

ಇನ್ನು ಈ ಮಾದರಿಗೆ ಎಲ್ಲಿ ಕೈಲಾಗಲ್ಲ ಅನ್ನೋದು. ಖರ್ಚು ಟನ್ ಲೆಕ್ಕದಲ್ಲಿ ಬೆಳೆಯಬೇಕು, ಅದೇ ಇದರ ಜೀವ. ಅಡ್ಡರಸ್ತೆ ತೆರೆಸೋಕೇ ದಿನಕ್ಕೆ ಒಂದು ಗಂಟು ಹಣ ಕಟ್ಟಬೇಕು, ಒಂದು ಟನ್ ಹೋದರೂ ಅಷ್ಟೇ ಆರು ಟನ್ ಹೋದರೂ ಅಷ್ಟೇ ಅಂದುಕೊಳ್ಳಿ. ಆ ರಸ್ತೆ ಬಳಸದಿದ್ದರೆ 127, ಬಳಸಿದರೆ 118, ಹಾಗಾಗಿ ಆ ಗಂಟು 9ಕ್ಕಿಂತ ಕಡಿಮೆ ಇದ್ದರೆ ಬಳಸಿ, ಜಾಸ್ತಿ ಇದ್ದರೆ ಬೇಡ. ಒಂದು ರಸ್ತೆಗಾದರೆ ಹೀಗೆ ಎರಡು ಸಲ ಲೆಕ್ಕ ಹಾಕಿ ನೋಡಬಹುದು. ಇಂಥ ರಸ್ತೆ 30 ಇದ್ದರೆ ತೆರೆಯೋ–ಮುಚ್ಚೋ ಸಾಧ್ಯತೆಗಳು 107 ಕೋಟಿ ದಾಟುತ್ತವೆ, ಆಗ ಈ ಸುತ್ತು–ಟೋಲ್ ಉಪಾಯ ಸಾಲದು.

ಸರಕು ಹೆಚ್ಚಿದಂತೆ ದರ ಏರಿದರೆ ತೊಂದರೆ ಇಲ್ಲ. ಗೋದಾಮು–ಕೆಳಗಿನ ಕ್ರಾಸ್ ರಸ್ತೆಯಲ್ಲಿ ಮೊದಲ 4 ಟನ್‌ಗೆ 6, ಆಮೇಲೆ 8 ಅಂತಿದ್ದರೆ ಅದನ್ನು ಅಕ್ಕಪಕ್ಕದ ಎರಡು ರಸ್ತೆ ಅಂತ ಬರೆಯಿರಿ. ಮಾದರಿ ತಾನಾಗಿಯೇ ಅಗ್ಗದ್ದನ್ನು ಮೊದಲು ತುಂಬುತ್ತದೆ. (`DiGraph`ನಲ್ಲಿ ಅದೇ ಎರಡು ತುದಿಗಳ ನಡುವೆ ಎರಡನೇ ರಸ್ತೆ ಹಾಕಿದರೆ ಮೊದಲನೆಯದು ಅಳಿಸಿಹೋಗುತ್ತದೆ, ಹಾಗಾಗಿ ನಡುವೆ ಒಂದು ಸುಳ್ಳು ಕ್ರಾಸ್ ಇಡಿ.) ಆದರೆ ರಿಯಾಯಿತಿ ಇದ್ದರೆ, ಮೊದಲ 4 ಟನ್‌ಗೆ 6, ಆಮೇಲೆ 4 ಅಂತಿದ್ದರೆ, ಇದೇ ಉಪಾಯ ಕೈ ಕೊಡುತ್ತದೆ. ಮೊದಲ 4 ಟನ್ ಕಳಿಸದೆಯೇ ಮಾದರಿ ಸೀದಾ ರಿಯಾಯಿತಿ ರಸ್ತೆಗೆ ಸರಕು ತುಂಬುತ್ತದೆ, ಅದರ ಪಾಲಿಗೆ ಅದು ಬರೀ ಇನ್ನೊಂದು ಅಗ್ಗದ ರಸ್ತೆ. ಉತ್ತರದಲ್ಲಿ ದುಬಾರಿ ಹಂತ ಖಾಲಿ, ರಿಯಾಯಿತಿ ಹಂತದಲ್ಲಿ 5 ಟನ್ ಅಂತ ಕಂಡರೆ ಆ ಒಟ್ಟು ಖರ್ಚನ್ನು ಯಾರಿಗೂ ಹೇಳಬೇಡಿ. ಆ ದರಕ್ಕೆ ಯಾವ ಲಾರಿಯವರೂ ಬರುವುದಿಲ್ಲ.